ಬದನೆಕಾಯಿ ಚೀಲದ ತಳದ ಚೀಟಿ

ಅಂಕಲಿಯ ಕಾಮಣ್ಣ ಎಂಥ ಕಬ್ಬಿಣವನ್ನೂ ಬಗ್ಗಿಸುತ್ತಿದ್ದ. ಮಾಡಿದ ಕೆಲಸದ ದುಡ್ಡು ಕೇಳಬೇಕೆಂದರೆ ತಾನೇ ಬಗ್ಗಿಬಿಡುತ್ತಿದ್ದ. ಚಿಕ್ಕೋಡಿಯ ಶಾಲೆಯೊಂದಕ್ಕೆ ಮೂವತ್ತು ಬೆಂಚು ವೆಲ್ಡಿಂಗ್ ಮಾಡಿಕೊಟ್ಟಿದ್ದ. ಬಿಲ್ಲಿನ ಗಡುವು ಮುಗಿದು ತಿಂಗಳಾಗಿತ್ತು. ಶಾಲೆ ನಡೆಸುವ ಶೀತಲ್ ಸಾವುಕಾರರ ಮನೆಗೆ ಎರಡು ಸಲ ಹೋದ. ಹೋದಾಗಲೆಲ್ಲ ಹೊಲದ ಬದನೆಕಾಯಿ ಕೊಟ್ಟು, ಚಹಾ ಕುಡಿದು, "ಸುಮ್ನ ಬಂದಿದ್ನಿರಿ" ಎಂದು ವಾಪಸು ಬಂದ.

ಮಗಳು ಮಯೂರಿಗೆ ಸಿಟ್ಟು ನೆತ್ತಿಗೇರಿತು.

"ಅಪ್ಪಾ, ನಾವೇನ್ ಬೇಡಾಕತ್ತಿಲ್ಲ, ನೆನಪ ಮಾಡಾಕತ್ತೀವಿ" ಎಂದು ತಾನೇ ಚೀಟಿ ಬರೆದಳು: "ಮಾನ್ಯರೇ, ನಮ್ಮ ಬಿಲ್ ನಂ. 41ರ ಗಡುವು ಮಾರ್ಚ್ 10ಕ್ಕೆ ಮುಗಿದಿದೆ. ಕೆಲಸದ ಗಡಿಬಿಡಿಯಲ್ಲಿ ಮರೆತಿರಬಹುದು. ಹಣ ಯಾವಾಗ ಸಿಗಬಹುದೆಂದು ತಿಳಿಸಿದರೆ ಉಪಕಾರ. ಬಿಲ್ಲಿನ ಪ್ರತಿ ಜೊತೆಗಿದೆ."

ಅದನ್ನು ಕೈಗೆ ಕೊಡಲು ಕಾಮಣ್ಣನಿಗೆ ಮುಖವಿರಲಿಲ್ಲ. ಮೂರನೆಯ ಚೀಲದ ತಳಕ್ಕಿಟ್ಟು, ಮೇಲೆ ಬದನೆಕಾಯಿ ತುಂಬಿ, ಸಾವುಕಾರರ ಹೆಂಡತಿಗೆ ಕೊಟ್ಟು ಓಡಿಬಂದ.

ಮರುದಿನವೇ ಶಾಲೆಯ ಕ್ಲಾರ್ಕ್ ಬಂದ. ಅವನ ಕೈಯಲ್ಲಿ ಪೂರ್ತಿ ಹಣದ ಚೆಕ್ಕೂ ಇತ್ತು, ಇನ್ನಿಪ್ಪತ್ತು ಬೆಂಚಿನ ಆರ್ಡರೂ ಇತ್ತು. ಜೊತೆಗೊಂದು ಲಕೋಟೆ, ಅದರಲ್ಲಿ ನೂರೈವತ್ತು ರೂಪಾಯಿ.

"ಇದ್ಯಾತರದ್ರಿ?" ಎಂದ ಕಾಮಣ್ಣ.

"ಮೂರು ಚೀಲ ಬದನಿಕಾಯಿದು. ಮರೆತದ್ದು ನಮ್ಮ ತಪ್ಪು, ಬಾಯಿಬಿಟ್ಟು ಹೇಳಿದ್ರ ಆಗಿಂದಾಗ ಕೊಡ್ತಿದ್ವಿ, ಅಂದಾರ ಸಾವ್ಕಾರ್ರು."

ಬದನೆಕಾಯಿ ಪ್ರೀತಿಯಿಂದ ಕೊಟ್ಟದ್ದು ಎನ್ನಲು ಕಾಮಣ್ಣ ಬಾಯಿ ತೆರೆದ. ಸುಳ್ಳಾಗುತ್ತದೆಂದು ಹೊಳೆದು, ಲಕೋಟೆ ತಗೊಂಡ.