ಮೂರನೇ ಮಿಷನ್ನಿನ ಮುರಿದ ಹಲ್ಲು

ಟೂತ್‌ಪೇಸ್ಟ್ ಕಂಪನಿಯ ದೂರು ವಿಭಾಗದಲ್ಲಿ ಲೆನ್ಸಕ್ಕನ ಕಣ್ಣಿನ ಬಗ್ಗೆ ಹುಟ್ಟಿಕೊಂಡ ಕತೆಗಳಿಗೆ ಲೆಕ್ಕವಿಲ್ಲ. ಸೊಳ್ಳೆ ಗೋಡೆ ಮೇಲೆ ಕೂತರೆ ಅದರ ಎಡಮೀಸೆ ಉದ್ದವೋ ಬಲಮೀಸೆಯೋ ಎಂದು ಕೂತಲ್ಲಿಂದಲೇ ಹೇಳುತ್ತಾಳೆ ಎನ್ನುವವರಿದ್ದರು. ಇದು ಸುಳ್ಳು. ಎದ್ದು ಹತ್ತಿರ ಹೋಗಬೇಕಾಗುತ್ತಿತ್ತು. ಆದರೆ ಮಗಳಿಗೆ ವರ ನೋಡುವಾಗ ಎದುರಿಂದ ಒಂದು, ಪಕ್ಕದಿಂದ ಒಂದು, ಬಿಸಿಲಿನಲ್ಲಿ ಒಂದು ಅಂತ ಮೂರು ಫೋಟೋ ಕೇಳಿದ್ದು ಮಾತ್ರ ನಿಜ. ಅಳಿಯ ಇವತ್ತಿಗೂ ಅತ್ತೆಯ ಎದುರು ಬೆಳಕಿಗೆ ಬೆನ್ನು ಮಾಡಿಯೇ ಕೂರುತ್ತಾನೆ.

ಅವಳ ಕೆಲಸವೂ ಅದೇ. ಅಂಗಡಿಗಳಿಂದ ಬರುವ ಫೋಟೋಗಳನ್ನು ಲೆನ್ಸು ಹಿಡಿದು ನೋಡಿ ಪೇಸ್ಟು, ಸೋಪು, ಶಾಂಪೂ ಅಸಲಿಯೋ ನಕಲಿಯೋ ಹೇಳುವುದು. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಅದೇ ಕಾರ್ಖಾನೆಯ ಮೂರನೇ ಮಿಷನ್ನಿನಲ್ಲಿ ಟ್ಯೂಬ್ ತುಂಬಿದವಳು. ಪೇಸ್ಟು ತುಂಬುವುದು ಬಾಯಿಂದಲ್ಲ, ಬಾಲದಿಂದ. ಮುಚ್ಚಳ ಹಾಕಿದ ಟ್ಯೂಬು ತಲೆಕೆಳಗಾಗಿ ಬರುತ್ತದೆ, ಹಿಂದಿನಿಂದ ಪೇಸ್ಟು ಇಳಿಯುತ್ತದೆ, ಬಿಸಿಗಾಳಿ ಬಾಲವನ್ನು ಮೆತ್ತಗೆ ಮಾಡುತ್ತದೆ, ಎರಡು ಉಕ್ಕಿನ ದವಡೆಗಳು ಕಚ್ಚಿ ಸೀಲು ಮಾಡುತ್ತವೆ. ಆ ದವಡೆಯ ಹಲ್ಲುಗಳ ಗೀರು ಟ್ಯೂಬಿನ ಬಾಲದಲ್ಲಿ ಸಾಲಾಗಿ ಮೂಡುತ್ತದೆ. ಜನ ಅದನ್ನು ಹಿಂಡುತ್ತಾರೆ, ಮಡಿಸುತ್ತಾರೆ. ನೋಡುವುದು ಲೆನ್ಸಕ್ಕ ಒಬ್ಬಳೇ.

ಅವತ್ತು ಬೆಳಿಗ್ಗೆ ಮ್ಯಾನೇಜರ್ ಸಾಹೇಬರು ಬಾಗಿಲಲ್ಲೇ ನಿಂತು, "ಒಂದು ಫೈಲಿದೆ, ಐದೇ ನಿಮಿಷದ ಕೆಲಸ. ನಕಲಿ ಅಂತ ಬರೆದುಬಿಡಿ" ಎಂದರು.

"ನೋಡದೇನೇ ಬರೆಯೋದಾದ್ರೆ ಗೇಟಿನ ವಾಚ್‌ಮನ್ ಕೈಲೇ ಬರೆಸಿ ಸರ್. ಅವನ ಅಕ್ಷರ ನನಗಿಂತ ಚೆನ್ನಾಗಿದೆ."

ವಿಷಯ ಇಷ್ಟು. ಸಣ್ಣದೊಂದು ಅಂಗಡಿ ನಡೆಸುವ ಹೆಂಗಸು ತಾನೇ ಫೋಟೋ ಕಳಿಸಿ ದೂರು ಕೊಟ್ಟಿದ್ದಳು. ಅವಳ ಅಂಗಡಿಯ ಪೇಸ್ಟು ಉಜ್ಜಿದ ಇಬ್ಬರಿಗೆ ವಸಡು ಸುಟ್ಟು ಬೊಬ್ಬೆ ಬಂದಿತ್ತು. ಮಾಲು ಕೊಟ್ಟ ಏಜೆಂಟ್ ಮಾತ್ರ, ಅದು ನನ್ನ ವ್ಯಾನಿನದ್ದೇ ಅಲ್ಲ, ಅವಳು ಎಲ್ಲಿಂದಲೋ ಅಗ್ಗದ ನಕಲಿ ತಂದು ನಮ್ಮ ಮೇಲೆ ಹೇಳ್ತಿದ್ದಾಳೆ ಎಂದು ಬರೆದುಕೊಟ್ಟಿದ್ದ. ನಕಲಿ ಅಂತ ವರದಿ ಹೋದರೆ ಸಂಜೆಯೊಳಗೆ ಅವಳ ಮೇಲೆ ಕೇಸು, ಅಂಗಡಿಗೆ ಬೀಗ.

ಲೆನ್ಸಕ್ಕ ಅವಳಿಗೇ ಫೋನು ಹಚ್ಚಿದಳು.

"ನೋಡಮ್ಮ, ನಿನ್ನ ಫೋಟೋದಲ್ಲಿ ಟ್ಯೂಬಿಗಿಂತ ನಿನ್ನ ಹೆಬ್ಬೆರಳೇ ದೊಡ್ಡದಾಗಿದೆ. ಫ್ಲಾಷ್ ಬೇಡ. ಕಿಟಕಿ ಪಕ್ಕ ಇಡು, ಬೆಳಕು ಅಡ್ಡದಿಂದ ಬೀಳ್ಲಿ, ಪಕ್ಕದಲ್ಲಿ ಒಂದು ಸ್ಕೇಲಿಡು. ಬಾಲ, ಬ್ಯಾಚ್ ನಂಬರು, ಮುಚ್ಚಳದ ಒಳಗು. ಹತ್ತು ಟ್ಯೂಬಿಂದು."

"ಅಕ್ಕಾ, ದೂರು ಕೊಟ್ಟೋಳು ನಾನು. ನನ್ನನ್ನೇ ಕಳ್ಳಿ ಅಂತಿದಾರೆ. ಬೊಬ್ಬೆ ಬಂದ ಎರಡನೇ ಬಾಯಿ ನನ್ನ ಅಮ್ಮಂದು."

"ಅಳೋದು ಆಮೇಲೆ. ಮೊದಲು ಕಿಟಕಿ ಹತ್ರ ಹೋಗು."

ಫೋಟೋ ಬಂದವು. ಮುಚ್ಚಳದ ಒಳಗೆ ಕಂಪನಿಯ ಅಚ್ಚಿನ ಪುಟ್ಟ ನಂಬರು ಇರಲಿಲ್ಲ. ಅಚ್ಚಿಗೆ ಪ್ಲಾಸ್ಟಿಕ್ ಇಳಿದ ಚುಕ್ಕೆ ನೆತ್ತಿಯ ನಡುವೆ ಇರುವ ಬದಲು ಪಕ್ಕಕ್ಕಿತ್ತು, ಅಂಚಿನಲ್ಲಿ ಅಚ್ಚಿನಿಂದ ಹೊರಬಿದ್ದ ಸಿಪ್ಪೆ. ಬ್ಯಾಚ್ ನಂಬರು ಇನ್ನೂ ಚೆಂದ. ಅಸಲಿಯಲ್ಲಿ ಶಾಯಿ ಚುಕ್ಕೆಚುಕ್ಕೆಯಾಗಿ ಬೀಳುತ್ತದೆ, ಪಕ್ಕದಲ್ಲಿ ಪೇಸ್ಟು ತುಂಬಿದ ಗಂಟೆ-ನಿಮಿಷ. ಇಲ್ಲಿ ಅಕ್ಷರ ರಬ್ಬರ್ ಸ್ಟಾಂಪಿನಂತೆ ತುಂಬಿಕೊಂಡಿತ್ತು, ತಾರೀಕು ಹೋದ ತಿಂಗಳದ್ದು, ಹತ್ತಕ್ಕೆ ಹತ್ತು ಟ್ಯೂಬಿನ ಸಮಯವೂ ಹತ್ತು ಗಂಟೆ ನಲವತ್ತೆರಡು ನಿಮಿಷ. ಇದನ್ನು ತುಂಬಿದ ಊರಿನಲ್ಲಿ ಗಡಿಯಾರ ಸತ್ತು ಎಷ್ಟು ದಿನವಾಯಿತೋ!

"ನಕಲಿ ತಾನೇ?" ಎಂದರು ಸಾಹೇಬರು.

"ಮುಚ್ಚಳ ನಕಲಿ, ಬ್ಯಾಚು ನಕಲಿ" ಎನ್ನುತ್ತ ಲೆನ್ಸಕ್ಕ ಬಾಲದ ಫೋಟೋ ದೊಡ್ಡದು ಮಾಡಿದಳು. ಹತ್ತೂ ಫೋಟೋ ಪಕ್ಕಪಕ್ಕ ಇಟ್ಟಳು.

ಎಡದಿಂದ ಹನ್ನೊಂದನೇ ಗೀರು ಅರ್ಧಕ್ಕೇ ನಿಂತಿತ್ತು. ಹತ್ತೂ ಟ್ಯೂಬಿನಲ್ಲಿ.

ಆ ಅರ್ಧ ಗೀರು ಅವಳಿಗೆ ಮಗಳ ಹುಟ್ಟುಮಚ್ಚೆಯಷ್ಟು ಗೊತ್ತು. ಒಮ್ಮೆ ಟ್ಯೂಬು ಸಿಕ್ಕಿಕೊಂಡಾಗ ಹಲ್ಲಿಗೆ ಪೆಟ್ಟು ಮಾಡದ ಹಿತ್ತಾಳೆಯ ಕಡ್ಡಿ ಹುಡುಕುವ ತಾಳ್ಮೆಯಿಲ್ಲದೆ ಸ್ಕ್ರೂಡ್ರೈವರ್ ತುರುಕಿ ದವಡೆಯ ಹಲ್ಲು ಮುರಿದವಳು ಅವಳೇ. ಆ ದವಡೆಯನ್ನು ಆರು ವರ್ಷದ ಹಿಂದೆ ಗುಜರಿಗೆ ಹಾಕಲಾಗಿತ್ತು. ಹಾಗೆ ಹಾಕುವ ಮುಂಚೆ, ಯಾರೂ ಮತ್ತೆ ಬಳಸದಂತೆ, ವರ್ಕ್‌ಶಾಪಿನಲ್ಲಿ ಎರಡು ತುಂಡು ಮಾಡಬೇಕು, ಮಿಷನ್ನಿನವರು ಕಣ್ಣಾರೆ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು.

ಆದರೆ ಕಾರ್ಖಾನೆಯಲ್ಲಿ ಎಲ್ಲರೂ ಸಹಿ ಮೊದಲು ಹಾಕುತ್ತಿದ್ದರು, ಕತ್ತರಿಸುವುದು ಆಮೇಲೆ. "ಸೈನ್ ಹಾಕಿ ಹೋಗಮ್ಮ ತಂಗಿ, ಊಟ ಆರಿ ಹೋಗುತ್ತೆ. ಕತ್ತರಿಸೋಕೆ ನಾನಿಲ್ವಾ?" ಎಂದಿದ್ದ ವರ್ಕ್‌ಶಾಪಿನ ಮೇಸ್ತ್ರಿ. ಅವಳು ಹಾಕಿ ಹೋಗಿದ್ದಳು. ಮೇಸ್ತ್ರಿ ನಿವೃತ್ತನಾಗಿ ವ್ಯಾನು ಕೊಂಡು ಕಂಪನಿಯ ಏಜೆಂಟನಾದ. ಆ ಅಂಗಡಿಗೆ ಮಾಲು ಕೊಟ್ಟವನು ಅವನೇ.

ಲೆನ್ಸಕ್ಕನ ಮೈಯೆಲ್ಲ ಉರಿಯಿತು. ಮೇಜಿನ ಮೇಲಿನ ಲೋಟದ ನೀರು ಕುದಿಯಲಿಲ್ಲ ಎಂಬುದೇ ಆಶ್ಚರ್ಯ. ಮೇಸ್ತ್ರಿಗೆ ಫೋನು ಮಾಡಿದಳು.

"ಅಣ್ಣಾ, ಮೂರನೇ ಮಿಷನ್ ದವಡೆ ಹೇಗಿದೆ? ಆರೋಗ್ಯವಾಗಿದೆಯಾ?"

ಆ ಕಡೆ ಒಂದು ಕೆಮ್ಮು. "ಯಾವ ದವಡೆ? ಕತ್ತರಿಸಿದ್ದಕ್ಕೆ ನೀನೇ ಸಾಕ್ಷಿ ಅಲ್ವೇನೇ ತಂಗಿ? ಪುಸ್ತಕದಲ್ಲಿ ನಿನ್ನ ಸೈನಿದೆ. ನಾನು ಕಳ್ಳ ಅಂದ್ರೆ ನೀನೇನು?"

"ತಂಗಿ ಅಂದ್ರೆ ನಿನ್ನ ಹಲ್ಲು ಉದುರಿಸ್ತೀನಿ! ಒಬ್ಬಳ ಅಮ್ಮನ ಬಾಯಿ ಸುಟ್ಟು, ಅವಳನ್ನೇ ಜೈಲಿಗೆ ಕಳಿಸೋಕೆ ಹೊರಟಿದ್ದೀಯಲ್ಲೋ!"

ಫೋನು ಇಟ್ಟ ಮೇಲೆ ಅವನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟು ದೊಡ್ಡದಾಯಿತು. ಬರೀ ಮುಚ್ಚಳ, ಬ್ಯಾಚು ಬರೆದರೆ ವರದಿ ಸುಳ್ಳಲ್ಲ. ಆದರೆ ಅಂಗಡಿಯವಳು ಮುಳುಗುತ್ತಾಳೆ. ದವಡೆ ಬರೆದರೆ ಮಾಲು ಹುಟ್ಟಿದ್ದು ಯಾರ ಕೈಯಿಂದ ಎಂದು ತಿಳಿಯುತ್ತದೆ. ಆದರೆ ದಾಖಲೆಯ ಪ್ರಕಾರ ಆ ದವಡೆ ಈ ಲೋಕದಲ್ಲೇ ಇಲ್ಲ, ಇದೆ ಎನ್ನಬೇಕಾದರೆ ತನ್ನ ಸಹಿ ಸುಳ್ಳು ಎನ್ನಬೇಕು. ನಿವೃತ್ತಿಗೆ ಉಳಿದದ್ದು ಹದಿನಾಲ್ಕು ತಿಂಗಳು.

ಫೋನಿನ ಮಾತು ಕೇಳಿ ವಿಷಯ ಅರ್ಥವಾದ ಮೇಲೆ ಸಾಹೇಬರು ದನಿ ಇಳಿಸಿದರು. "ಒಂದು ಗೀರಿಗೋಸ್ಕರ ಯಾಕಮ್ಮ ಇಷ್ಟೆಲ್ಲ? ಬಾಲ ಸರಿಯಾಗಿ ಕಾಣ್ಲಿಲ್ಲ ಅಂತ ಬರೀರಿ. ನಿಮಗೂ ಒಳ್ಳೇದು, ಕಂಪನಿಗೂ ಒಳ್ಳೇದು."

"ಕಾಣ್ಲಿಲ್ಲ ಅಂತ ಒಂದ್ಸಲ ಕಣ್ಮುಚ್ಚಿದ್ದಕ್ಕೇ ಇಷ್ಟಾಗಿರೋದು ಸರ್. ಇನ್ನೊಂದ್ಸಲ ಮುಚ್ಚಿದ್ರೆ ಕನ್ನಡಕ ಯಾಕೆ, ಕೋಲು ಕೊಡಿಸಿ."

ಅವಳು ಅರ್ಧ ಗೀರನ್ನೂ ಮೇಸ್ತ್ರಿಯ ಹೆಸರನ್ನೂ ಬರೆದಳು. ಕೆಳಗೆ ಇನ್ನೊಂದು ಸಾಲು: "ಈ ದವಡೆ ಕತ್ತರಿಸಿದ್ದನ್ನು ನಾನು ನೋಡಿಲ್ಲ. ನೋಡಿದೆ ಎಂದು ಹಾಕಿದ ಸಹಿ ನನ್ನದೇ, ಸುಳ್ಳು." ಪೆನ್ನು ಒತ್ತಿದ ರಭಸಕ್ಕೆ ಅಕ್ಷರ ಕೆಳಗಿನ ಏಳು ಹಾಳೆಗೂ ಇಳಿಯಿತು, ಮೇಜಿಗೂ ಇಳಿಯಿತು ಎನ್ನುತ್ತಾರೆ. ಸಾಹೇಬರು ತಡೆಹಿಡಿಯದಿರಲೆಂದು ವರದಿಯ ಒಂದು ಪ್ರತಿಯನ್ನು ಅಂಗಡಿಯವಳಿಗೂ ಕಳಿಸಿದಳು.

ಮೂರನೇ ದಿನ ಮೇಸ್ತ್ರಿಯ ಮನೆಯ ಹಿಂದಿನ ಶೆಡ್ಡಿನಲ್ಲಿ ಪೊಲೀಸರಿಗೆ ದವಡೆ ಸಿಕ್ಕಿತು, ಇನ್ನೂ ಬೆಚ್ಚಗಿತ್ತು. ಅವಳ ಸಹಿಯ ಧೈರ್ಯದಲ್ಲಿ ಅವನು ಕೆಲಸ ನಿಲ್ಲಿಸಿರಲೇ ಇಲ್ಲ. ಅಂಗಡಿಯ ಬಾಗಿಲು ತೆರೆದೇ ಉಳಿಯಿತು. ಲೆನ್ಸಕ್ಕನಿಂದ ಲೆನ್ಸು ಕಿತ್ತುಕೊಂಡು ಮತ್ತೆ ಮೂರನೇ ಮಿಷನ್ನಿಗೆ ಹಾಕಿದರು, ಶಿಕ್ಷೆ ಎಂದು.

ಮೊದಲ ವಾರವೇ ಒಂದು ಸವೆದ ದವಡೆ ಗುಜರಿಗೆ ಬಂತು. ಹೊಸ ಮೇಸ್ತ್ರಿ ಪುಸ್ತಕ ಚಾಚಿ, "ಸೈನ್ ಹಾಕಿ ಹೋಗಿ ಅಕ್ಕ, ಊಟ ಆರುತ್ತೆ" ಎಂದ.

"ಆರ್ಲಿ" ಎಂದು ಲೆನ್ಸಕ್ಕ ಸ್ಟೂಲು ಎಳೆದುಕೊಂಡು ಕೂತಳು. "ಗರಗಸ ತಗೊ."

ಅರ್ಧ ಗಂಟೆ ಗರಗಸ ಕಿರುಚಿತು. ತುಂಡುಗಳು ನೆಲಕ್ಕೆ ಬಿದ್ದ ಮೇಲೂ ಅವಳು ಪೆನ್ನು ತೆಗೆಯಲಿಲ್ಲ. ಎರಡನ್ನೂ ಎತ್ತಿ ಕಿಟಕಿಯ ಅಡ್ಡ ಬೆಳಕಿಗೆ ಹಿಡಿದು, ಹಲ್ಲುಗಳನ್ನು ಒಂದೊಂದಾಗಿ ಎಣಿಸತೊಡಗಿದಳು.