‘ಪ್ರಿಸನ್’ ಪದದ ಹಿಂದಿನ ಖಾಲಿ ಜಾಗ

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪ ಜೈಲಿನಲ್ಲಿದ್ದರು. ಜಂಗಮಕೋಟೆ ಕಡೆಯ ನಮ್ಮ ಹಿಪ್ಪುನೇರಳೆ ತೋಟದ ಬದುವಿಗಾಗಿ ಹೊಡೆದಾಟವಾಗಿ, ಅಪ್ಪನ ಏಟಿಗೆ ಪಕ್ಕದ ತೋಟದವರ ಕೈ ಮುರಿದಿತ್ತು. ಶಿಡ್ಲಘಟ್ಟದ ಶಾಲೆಯಲ್ಲಿ ಮಾತ್ರ, ಅಪ್ಪ ಹಿಂದೂಪುರದ ಮಿಲ್ಲಿಗೆ ಹೋಗಿದ್ದಾರೆ ಎಂದು ಹೇಳಿಕೊಂಡು ಬಂದಿದ್ದೆ. ನಿಜ ಗೊತ್ತಾದರೆ ತಲೆಯೆತ್ತಿ ಓಡಾಡುವುದು ಹೇಗೆ ಎಂಬುದೊಂದೇ ನನ್ನ ಚಿಂತೆ.

ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಗಳೆಂದರೆ ಪ್ರಾಣ. ಎರಡು ಉತ್ತರಗಳೂ ಸರಿ ಅನ್ನಿಸುವಂಥವನ್ನೇ ಹುಡುಕಿ ತರುತ್ತಿದ್ದರು. ‘ಅಕ್ಕನಿಗೆ ಡಾಕ್ಟರ ಜೊತೆ ಮದುವೆಯಾಗಿದೆ’ ಎಂಬ ವಾಕ್ಯಕ್ಕೆ, ಕನ್ನಡದಲ್ಲಿ ‘ಜೊತೆ’ ಇದೆಯಲ್ಲ ಎಂದು ನಾವು ‘ಮ್ಯಾರೀಡ್ ವಿತ್’ ಬರೆದರೆ ಕೆಂಪು ಗೆರೆ ಬೀಳುತ್ತಿತ್ತು. ಅಲ್ಲಿ ‘ಟು’ ಬರಬೇಕು. ಜೈಲಿನ ವಿಷಯವನ್ನೂ ಒಮ್ಮೆ ಹೇಳಿದ್ದರು: ಕೈದಿಯಾಗಿ ಹೋದರೆ ‘ಪ್ರಿಸನ್’ ಹಿಂದೆ ‘ದಿ’ ಬೇಡ, ಯಾರನ್ನಾದರೂ ನೋಡಲು ಹೋದರೆ ‘ದಿ’ ಬೇಕು. ಉಳಿದವರು ಮರೆತರು. ನಾನು ಹೇಗೆ ಮರೆಯಲಿ?

ಮುಂದಿನ ಟೆಸ್ಟಿನಲ್ಲಿ ಅದೇ ಬಂತು. ‘ವಿ ವೆಂಟ್ ಟು ___ ಪ್ರಿಸನ್ ಟು ಸೀ ಅವರ್ ಅಂಕಲ್.’ ಏನೂ ಬೇಡವೆಂದು ಉಳಿದವರೆಲ್ಲರೂ ಅಡ್ಡಗೆರೆ ಎಳೆದಿದ್ದರು. ನಾನು ‘ದಿ’ ಬರೆದಿದ್ದೆ.

“ಕ್ಲಾಸಿಗೆಲ್ಲಾ ಇವಳೊಬ್ಬಳದೇ ಸರಿ. ಏಳಮ್ಮಾ, ಯಾಕೆ ‘ದಿ’ ಹಾಕ್ದೆ ಹೇಳು” ಎಂದರು ಮೇಷ್ಟ್ರು.

ಉತ್ತರ ಬಾಯಿಪಾಠವಿತ್ತು. ಆದರೆ ಬಾಯಿಬಿಟ್ಟರೆ ಮುಖದ ಮೇಲೆಯೇ ಎಲ್ಲಾ ಬರೆದುಹೋಗುತ್ತದೆ ಅನ್ನಿಸಿತು. “ಸುಮ್ನೆ ಊಹೆ ಮಾಡ್ದೆ ಸರ್.”

“ಗಾಳೀಲಿ ಗುಂಡು ಹೊಡ್ದಿದೀಯಾ!” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ದಡ್ಡಿ ಅನ್ನಿಸಿಕೊಂಡರೂ ಚಿಂತೆಯಿಲ್ಲ, ಬಚಾವಾದೆ ಎಂದು ಒಳಗೊಳಗೇ ಖುಷಿಪಟ್ಟೆನಲ್ಲ, ಅದಕ್ಕೇ ಈಗಲೂ ನಾಚಿಕೆ.

ಆ ವಾರ ಅಮ್ಮನ ಜೊತೆ ಚಿಕ್ಕಬಳ್ಳಾಪುರದ ಜೈಲಿಗೆ ಹೋದೆ. ಜಾಲರಿಯ ಆಚೆ ನಿಂತಿದ್ದ ಅಪ್ಪನಿಗೆ ಅಮ್ಮ ಹೆಮ್ಮೆಯಿಂದ, “ಕ್ಲಾಸಲ್ಲಿ ಇವಳೊಬ್ಳೇ ಸರಿಯಾಗಿ ಬರ್ದಿದ್ಳಂತೆ” ಎಂದಳು.

“ಏನದು, ನಂಗೂ ಹೇಳಮ್ಮಾ” ಎಂದರು ಅಪ್ಪ. ಅವರ ಮುಂದೆ ಜೈಲು ಎನ್ನಲು ನಾಲಿಗೆ ಏಳಲಿಲ್ಲ. ಜೈಲಿದ್ದ ಕಡೆ ಆಸ್ಪತ್ರೆ ಇಟ್ಟು ಹೇಳಿದೆ. ರೋಗಿಯಾಗಿ ಸೇರಿದರೆ ‘ದಿ’ ಬೇಡ, ನೋಡಿಕೊಂಡು ಬರಲು ಹೋದರೆ ಬೇಕು ಎಂದೆ.

ಅಪ್ಪ ಜಾಲರಿಗೆ ಇನ್ನಷ್ಟು ಹತ್ತಿರ ಬಂದರು.

“ಅಂಗಾದ್ರೆ ಇಲ್ಲಿಗೂ ಅದೇ ಲೆಕ್ಕಾನಾ? ನೀನು ಬಂದ್ರೆ ಹಾಕ್ಬೇಕು, ನಂಗೆ ಬೇಡ?”

ಕ್ಲಾಸಿನಲ್ಲಿ ಕೊಡಲಾಗದ ಉತ್ತರವನ್ನು ಅಪ್ಪನೇ ಕೊಟ್ಟಿದ್ದರು. ನಾನು ತಲೆ ತಗ್ಗಿಸಿ, “ಹೂಂ ಅಪ್ಪ” ಎಂದೆ.

“ಸರಿಯಾಗೇ ಬರ್ದಿದೀಯ ಬಿಡಮ್ಮಾ” ಎಂದರು ಅಪ್ಪ.