ಬೆಳಗಾವಿಯ ಫೌಂಡ್ರಿ ನನ್ನದು

ನಮ್ಮ ಮೆಲ್ಬರ್ನ್ ಆಫೀಸಿನ ಆಡಿಟ್ ಕೆಲಸಕ್ಕೆ ಸಿಎ ಇಂಟರ್ ಪಾಸಾಗಿರಬೇಕಿತ್ತು, ಕಂಪನಿಗಳ ಸ್ಟ್ಯಾಚ್ಯುಟರಿ ಆಡಿಟ್, ಅಂದರೆ ಕಾನೂನು ಕಡ್ಡಾಯ ಮಾಡಿದ ಲೆಕ್ಕ ತಪಾಸಣೆ, ಮಾಡಿರಬೇಕಿತ್ತು. ಇಂಟರ್‌ವ್ಯೂ ನನ್ನ ಪಾಲಿಗೆ ಬಂದಿತ್ತು. ಧಾರವಾಡದ ಗೆಳೆಯನ ರೆಸ್ಯೂಮೆಯಲ್ಲಿ ಎರಡೂ ಇದ್ದವು. ಖುಷಿಯಿಂದ ಓದುತ್ತ ಹೋದೆ. ಬೆಳಗಾವಿಯ ಫೌಂಡ್ರಿ, ವರ್ಷದ ಕೊನೆಯ ಸ್ಟಾಕ್ ಎಣಿಕೆ, ಎರಡೆರಡು ಸಲ ಲೆಕ್ಕಕ್ಕೆ ಬಂದ ಎರಕದ ಮಾಲು. ಅದು ಸಿಎ ತರಬೇತಿಗೆಂದು ನಾನು ಮಾಡಿದ ಆರ್ಟಿಕಲ್‌ಶಿಪ್ ದಿನಗಳ ಕಥೆ! ಇಲ್ಲೇ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯ ನಮ್ಮ ಮನೆಯಲ್ಲಿ ರೊಟ್ಟಿ ತಿನ್ನುತ್ತ ಅವನೇ ಕೇಳಿ ನಕ್ಕಿದ್ದ.

ಮೈ ಉರಿದು ಫೋನ್ ಮಾಡಿದೆ. "ನೀ ಯಾವಾಗ ಸ್ಟ್ಯಾಚ್ಯುಟರಿ ಆಡಿಟ್ ಮಾಡೀಯೋ?"

"ಜಿಎಸ್‌ಟಿ, ಟಿಡಿಎಸ್ ರಿಟರ್ನ್ ತುಂಬೀನಲ್ಲ, ಅದೂ ಸ್ಟ್ಯಾಚ್ಯುಟರಿನ."

"ರಿಟರ್ನ್ ತುಂಬೋದು ಬ್ಯಾರೆ, ಆಡಿಟ್ ಬ್ಯಾರೆ. ಮತ್ತ ಫೌಂಡ್ರಿ?"

ಅವನು ನಕ್ಕ. "ಇಂಟರ್‌ವ್ಯೂನಾಗ ನೀನ ಇರ್ತೀಯಲ್ಲ. ಅದನ್ನ ನೀ ಕೇಳಂಗಿಲ್ಲ ಅಂತ ಗೊತ್ತಿದ್ದಕ್ಕ ಹಾಕೀನಿ."